ಮಂಜೂರಾದ ರಜೆಯ ನಡುವೆ ಬಂದ ಕರೆಗೆ ಉತ್ತರ

ದಿನಾಂಕ: 13-05-2025, ಮಂಗಳವಾರ, ಸಂಜೆ 6.40

ಇವರಿಂದ:
ಕಿರಿಯ ಅಭಿಯಂತರ (ನೀರು ಸರಬರಾಜು)
ಪುರಸಭೆ ಕಾರ್ಯಾಲಯ
(ರಜೆಯ ಮೇಲೆ ಶಿರಸಿ ತಾಲ್ಲೂಕಿನಲ್ಲಿ)

ಇವರಿಗೆ:
ಮುಖ್ಯಾಧಿಕಾರಿಗಳು
ಪುರಸಭೆ ಕಾರ್ಯಾಲಯ

ವಿಷಯ: ಗಳಿಕೆ ರಜೆ ರದ್ದುಪಡಿಸಿ ಕೂಡಲೇ ಹಾಜರಾಗುವಂತೆ ಸೂಚಿಸಿರುವ ಬಗ್ಗೆ.

ಉಲ್ಲೇಖ: ಇಂದು ಮಧ್ಯಾಹ್ನ 4.10ಕ್ಕೆ ತಾವು ಮೊಬೈಲಿಗೆ ಕಳುಹಿಸಿದ ಸಂದೇಶ.

ಮಾನ್ಯರೇ,

ತಮ್ಮ ಸಂದೇಶ ತಲುಪಿದೆ. ಜಾಕ್‌ವೆಲ್‌ನ ಎರಡೂ ಪಂಪುಗಳು ನಿಂತು ಊರಿಗೆ ಇದು ಮೂರನೆಯ ದಿನ ನೀರಿಲ್ಲ ಎಂಬುದನ್ನು ಓದಿ ನನಗೂ ಕಳವಳವಾಯಿತು. ಮೇ ತಿಂಗಳಲ್ಲಿ ಮೂರು ದಿನ ನಲ್ಲಿ ಬಾರದಿದ್ದರೆ ಜನ ಏನು ಮಾತನಾಡುತ್ತಾರೆ, ಸದಸ್ಯರು ತಮ್ಮ ಕೊಠಡಿಯಲ್ಲಿ ಹೇಗೆ ಕೂತಿರುತ್ತಾರೆ ಎಂಬುದು ನನಗೆ ಗೊತ್ತು.

ನಾನು ಗುರುವಾರ, 15ರ ರಾತ್ರಿ ಎಂಟು ಗಂಟೆಯೊಳಗೆ ನೇರವಾಗಿ ಜಾಕ್‌ವೆಲ್‌ಗೆ ಬರುತ್ತೇನೆ. ಅದಕ್ಕಿಂತ ಮೊದಲು ಬರಲಾಗುವುದಿಲ್ಲ. ಗುರುವಾರ ವೈಶಾಖ ಬಹುಳ ತದಿಗೆ, ನನ್ನ ತಂದೆಯವರ ವರ್ಷಾಂತಿಕ. ನಾನು ಹಿರಿಯ ಮಗ, ಕರ್ತೃ ನಾನೇ. ಮದುವೆಯಾಗಿದ್ದರೆ ಹುಡುಗಿಯ ಕಡೆಯವರ ಕೈಕಾಲು ಹಿಡಿದು ಮುಹೂರ್ತ ಬದಲಿಸಬಹುದಿತ್ತೇನೋ, ತಿಥಿಯನ್ನು ಮುಂದೂಡುವ ಹಾಗಿಲ್ಲ. ರಜೆ ಅರ್ಜಿಯಲ್ಲಿ ಕಾರಣವನ್ನು ಬರೆದಿದ್ದೆ, ತಾವು ಮಂಜೂರು ಮಾಡಿ ಕೇಂದ್ರಸ್ಥಾನ ಬಿಡಲು ಅನುಮತಿಯನ್ನೂ ಕೊಟ್ಟಿದ್ದೀರಿ. ಅಂದು ಮಧ್ಯಾಹ್ನ ಎರಡರ ಹೊತ್ತಿಗೆ ಕಾರ್ಯ ಮುಗಿಯುತ್ತದೆ. ಊಟ ಮುಗಿಸಿ ಮೂರೂವರೆಗೆ ಶಿರಸಿಯಿಂದ ಹಾವೇರಿ ಬಸ್ಸು ಹಿಡಿಯುತ್ತೇನೆ. ಶ್ರಾದ್ಧ ಮಾಡಿದವನು ಅಂದು ಊರು ಬಿಡಬಾರದು ಎಂಬುದು ಅಮ್ಮನ ವಾದ. ಅವರನ್ನು ಒಪ್ಪಿಸುವುದು ನನ್ನ ಪಾಲಿನ ಕೆಲಸ.

ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಸಂಜೆ ಐದಕ್ಕೆ ಪಂಪ್ ಆಪರೇಟರ್ ಜೊತೆ ಇಪ್ಪತ್ತು ನಿಮಿಷ ಮಾತನಾಡಿದೆ. ಎರಡನೇ ಪಂಪನ್ನು ಒಮ್ಮೆ ಓಡಿಸಿ, ಪ್ಯಾನೆಲ್ ಮುಂದೆ ನಿಂತು ಮೂರೂ ಫೇಸಿನ ಆಂಪಿಯರ್ ಓದಿ ಹೇಳಲು ತಿಳಿಸಿದೆ. ಆರ್ ಫೇಸಿನಲ್ಲಿ 128, ವೈನಲ್ಲಿ 124, ಬಿಯಲ್ಲಿ ಕೇವಲ 61. ಅದು 75 ಎಚ್‌ಪಿ ಮೋಟಾರು, ಮೂರರಲ್ಲೂ ಹೆಚ್ಚುಕಡಿಮೆ ಸಮವಾಗಿ ನೂರರ ಆಸುಪಾಸು ಇರಬೇಕು. ಒಳಬರುವ ವೋಲ್ಟೇಜ್ ಮೂರು ಕಡೆಯೂ ಸರಿಯಾಗಿದೆಯಂತೆ. ಪ್ಯಾನೆಲ್ ಬಾಗಿಲು ತೆರೆದರೆ ಸುಟ್ಟ ವಾಸನೆಯಂತೆ. ನದಿಯಲ್ಲಿ ನೀರು ಇಳಿದು ಪಂಪು ಗಾಳಿ ಎಳೆಯುತ್ತಿದೆ ಎಂದು ಯಾರೋ ತಮಗೆ ಹೇಳಿದ್ದಾರೆ. ಹಾಗಿದ್ದರೆ ಮುಳ್ಳು ಒಂದೇ ಸಮನೆ ಕುಣಿಯುತ್ತಿತ್ತು, ಇಲ್ಲಿ ಅದು ನಿಂತಲ್ಲೇ ನಿಂತಿದೆ. ಸ್ಟಾರ್ಟರಿನ ಕಾಂಟ್ಯಾಕ್ಟರ್‌ನಲ್ಲಿ ಬಿ ಫೇಸಿನ ಕಾಂಟ್ಯಾಕ್ಟ್ ಸುಟ್ಟಿರಬೇಕು ಎಂದು ನನ್ನ ಅಂದಾಜು. ಹತ್ತು ನಿಮಿಷಕ್ಕೆ ರಿಲೇ ಟ್ರಿಪ್ ಆಗುತ್ತಿರುವುದೂ ಅದರಿಂದಲೇ.

ದಯವಿಟ್ಟು ಒಂದು ಮಾತು: ರಿಲೇ ಸೆಟ್ಟಿಂಗ್ ಏರಿಸಿ ಹೇಗಾದರೂ ಓಡಿಸಿ ಎಂದು ಆಪರೇಟರ್ ಮೇಲೆ ಯಾರೂ ಒತ್ತಡ ಹಾಕದಂತೆ ನೋಡಿಕೊಳ್ಳಿ. ನಿನ್ನೆ ಒಬ್ಬ ಸದಸ್ಯರು ಹಾಗೆ ಹೇಳಿದರಂತೆ. ಏರಿಸಿದರೆ ಒಂದು ಗಂಟೆ ನೀರು ಬಂದೀತು, ಆಮೇಲೆ ಈ ಮೋಟಾರೂ ರಿವೈಂಡಿಂಗ್‌ಗೆ ಹೋಗುತ್ತದೆ.

ಕಾಂಟ್ಯಾಕ್ಟ್ ಕಿಟ್ ನಮ್ಮಲ್ಲೇ ಇದೆ. ಉಗ್ರಾಣದ ಕಬ್ಬಿಣದ ಬೀರುವಿನಲ್ಲಿ ಮೇಲಿನಿಂದ ಎರಡನೇ ಅಂತಸ್ತು, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ, ಮೇಲೆ ನನ್ನ ಕೈಬರಹದಲ್ಲಿ ‘ಜಾಕ್‌ವೆಲ್ 2’ ಎಂದಿದೆ. ಬೀರುವಿನ ಕೀ ನೀರಿನ ವಿಭಾಗದ ವಿಷಯ ನಿರ್ವಾಹಕರ ಬಳಿ ಇದೆ. ಕಳೆದ ವರ್ಷ ಪ್ಯಾನೆಲ್ ಕೂರಿಸಿದ ಗುತ್ತಿಗೆದಾರರ ಎಲೆಕ್ಟ್ರಿಷಿಯನ್ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರಲು ಒಪ್ಪಿದ್ದಾರೆ, ನಾನೇ ಮಾತನಾಡಿದ್ದೇನೆ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ತೆಗೆದಿಟ್ಟು, ಅಲ್ಲಿ ಒಬ್ಬರನ್ನು ಕಾವಲು ನಿಲ್ಲಿಸಿದ ಮೇಲೆಯೇ ಅವರು ಕೈ ಹಾಕಲಿ. ಕೆಲಸ ಎರಡು ಗಂಟೆಯದು. ನನ್ನ ಅಂದಾಜು ಸರಿಯಿದ್ದರೆ ನಾಳೆ ಮಧ್ಯಾಹ್ನಕ್ಕೆ ಪಂಪು ಓಡುತ್ತದೆ, ರಾತ್ರಿಯೊಳಗೆ ದೊಡ್ಡ ಟ್ಯಾಂಕು ತುಂಬುತ್ತದೆ.

ಇನ್ನು ಒಂದನೇ ಪಂಪಿನ ಮೋಟಾರು. ಅದು ರಿವೈಂಡಿಂಗ್ ಆಗಿ ಸಿದ್ಧವಾಗಿ ಕಳೆದ ಗುರುವಾರದಿಂದ ಅಂಗಡಿಯಲ್ಲೇ ಕೂತಿದೆ. ಹಿಂದಿನ ಬಿಲ್ಲು ಪಾವತಿಯಾಗದೆ ಹೊಸ ಕೆಲಸದ ಮೋಟಾರು ಬಿಡುವುದಿಲ್ಲ ಎಂಬುದು ಅಂಗಡಿಯವರ ಹಟ. ಆ ಬಿಲ್ಲು ಮಾರ್ಚ್ ತಿಂಗಳಿನದು. ನನ್ನ ಷರಾದೊಂದಿಗೆ ಲೆಕ್ಕಪತ್ರ ಶಾಖೆ ದಾಟಿ ತಮ್ಮ ಸಹಿಗೆ ಬಂದಿದೆ, ತಮ್ಮ ಮೇಜಿನ ಎಡಭಾಗದ ಹಸಿರು ದಾರದ ಕಡತಗಳಲ್ಲಿ ಇರಬೇಕು. ಇದನ್ನು ಆಕ್ಷೇಪಣೆ ಎಂದು ಭಾವಿಸಬಾರದು, ಕೆಲಸದ ಒತ್ತಡದಲ್ಲಿ ಕೆಳಗೆ ಉಳಿದಿರಬಹುದು. ನಾನು ಇಂದು ರಾತ್ರಿಯೇ ಹೊರಟು ಬಂದರೂ ಆ ಸಹಿಯನ್ನು ನಾನು ಹಾಕಲಾಗುವುದಿಲ್ಲವಾದ್ದರಿಂದ ಬರೆಯಬೇಕಾಯಿತು. ನಾಳೆ ಬಿಲ್ಲು ಪಾಸಾದರೆ ಸಂಜೆಗೆ ಮೋಟಾರು ಜಾಕ್‌ವೆಲ್ ತಲುಪುತ್ತದೆ. ಅದನ್ನು ಕೂರಿಸಿ ಅಲೈನ್‌ಮೆಂಟ್ ನೋಡುವಾಗ ಮಾತ್ರ ನಾನು ಇರಲೇಬೇಕು. ಗುರುವಾರ ರಾತ್ರಿ ಬಂದು ಅದನ್ನು ಮಾಡಿ ಮುಗಿಸುತ್ತೇನೆ.

ನಾಳೆಯ ಮಟ್ಟಿಗೆ ಟ್ಯಾಂಕರುಗಳನ್ನು ಮೊದಲು ಆಸ್ಪತ್ರೆಗೆ, ಆಮೇಲೆ ವಿದ್ಯಾರ್ಥಿನಿಲಯಗಳಿಗೆ, ನಂತರ ಕೊಳವೆಬಾವಿ ಇಲ್ಲದ ಗುಡ್ಡದ ಓಣಿಗಳಿಗೆ ಕಳುಹಿಸುವುದು ಒಳ್ಳೆಯದು. ಯಾವ ಓಣಿಗೆ ಬೋರಿನ ನೀರು ತಿರುಗಿಸಬಹುದು ಎಂಬುದು ವಾಲ್ವ್‌ಮನ್‌ಗಳಲ್ಲಿ ಹಿರಿಯರಿಗೆ ಬಾಯಿಪಾಠ. ಅವರನ್ನು ಕರೆದು ಕೇಳಿದರೆ ಸಾಕು, ನಕ್ಷೆ ಹುಡುಕುವ ಅಗತ್ಯವಿಲ್ಲ.

ನಮ್ಮ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಬೇಕು. ನಾಳೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ಅಂದರೆ ಎಲೆಕ್ಟ್ರಿಷಿಯನ್ ಪ್ಯಾನೆಲ್ ಬಿಚ್ಚಿರುವ ಹೊತ್ತಿನಲ್ಲಿ, ನಾನು ದಿಬ್ಬದ ಮೇಲೆಯೇ ಕೂತಿರುತ್ತೇನೆ. ಸಂಜೆ ಆರರಿಂದ ಎಂಟರವರೆಗೂ ಸಿಗುತ್ತೇನೆ. ಗುರುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡೂವರೆಯವರೆಗೆ ಮಾತ್ರ ಕರೆ ತೆಗೆದುಕೊಳ್ಳಲಾರೆ.

ರಜೆ ಹಕ್ಕಲ್ಲ, ಸಾರ್ವಜನಿಕ ಸೇವೆಯ ಅಗತ್ಯ ಬಿದ್ದರೆ ಮಂಜೂರು ಮಾಡಿದ ಪ್ರಾಧಿಕಾರವೇ ಅದನ್ನು ಹಿಂದಕ್ಕೆ ಪಡೆಯಬಹುದು ಎಂಬುದನ್ನು ಬಲ್ಲೆ. ಆದ್ದರಿಂದ ಮೇ 12ರಿಂದ 20ರವರೆಗಿನ ರಜೆಯಲ್ಲಿ 12ರಿಂದ 15ರವರೆಗಿನ ನಾಲ್ಕು ದಿನಗಳನ್ನು ಉಳಿಸಿ, 16ರಿಂದ 20ರವರೆಗಿನ ಐದು ದಿನಗಳನ್ನು ಮಾತ್ರ ರದ್ದುಪಡಿಸಿ ಲಿಖಿತ ಆದೇಶ ಹೊರಡಿಸಬೇಕೆಂದೂ, ಆ ಐದು ದಿನಗಳನ್ನು ನನ್ನ ರಜೆ ಖಾತೆಗೆ ಮರಳಿ ಜಮಾ ಮಾಡಿಸಬೇಕೆಂದೂ ಕೋರುತ್ತೇನೆ. ಮೊಬೈಲ್ ಸಂದೇಶದ ಆಧಾರದ ಮೇಲೆ ಸೇವಾ ಪುಸ್ತಕದಲ್ಲಿ ನಮೂದು ಮಾಡಲು ಸಿಬ್ಬಂದಿ ಶಾಖೆಯವರು ಒಪ್ಪುವುದಿಲ್ಲ.

ಆ ಐದು ದಿನಗಳನ್ನು ಅಡಿಕೆ ತೋಟಕ್ಕೆ ಮಳೆಗಾಲದ ಮುಂಚಿನ ಬೋರ್ಡೋ ದ್ರಾವಣ ಸಿಂಪಡಿಸಲು ಇಟ್ಟುಕೊಂಡಿದ್ದೆ. ತಂದೆಯವರಿಲ್ಲದ ಮೊದಲ ಮಳೆಗಾಲ ಹೇಗೋ ಕಳೆಯಿತು, ಕಳೆದ ಸಾಲಿನಲ್ಲಿ ಕೊಳೆರೋಗಕ್ಕೆ ಅರ್ಧ ಫಸಲು ಹೋಯಿತು. ಮರ ಹತ್ತುವವರು ಸಿಗುವುದೇ ಕಷ್ಟ, ಅವರಿಗೆ ಈಗ ಜೂನ್ 2ರಿಂದ ಬರಲು ಹೇಳುತ್ತಿದ್ದೇನೆ. ಜೂನ್ 2ರಿಂದ 6ರವರೆಗೆ ಗಳಿಕೆ ರಜೆ ಕೋರುವ ಅರ್ಜಿಯನ್ನು ಶುಕ್ರವಾರ ಬೆಳಿಗ್ಗೆ ತಮ್ಮ ಕೈಗೇ ಕೊಡುತ್ತೇನೆ. ಅಷ್ಟರಲ್ಲಿ ಎರಡೂ ಪಂಪು ಓಡುತ್ತಿರುತ್ತವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸಹಿ/-
ಕಿರಿಯ ಅಭಿಯಂತರ (ನೀರು ಸರಬರಾಜು)

ಪ್ರತಿ: ಸಿಬ್ಬಂದಿ ಶಾಖೆ, ಮಾಹಿತಿಗಾಗಿ.