ಬಲ, ರೇಂಜ್, ನಡಿಗೆ: ವೈವಾಗೆ ಮುಂಚೆ ಬಿಡಿಸಬೇಕಾದ ಎಂಟು ಪ್ರಶ್ನೆಗಳು

ಅಂತಿಮ ವರ್ಷದ ಬಿಪಿಟಿ ವಿದ್ಯಾರ್ಥಿಗಳಿಗಾಗಿ. ಮೊದಲು ಉತ್ತರ ಮುಚ್ಚಿಟ್ಟು, ನಿಮ್ಮ ಉತ್ತರವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಆಮೇಲೆ ಕೆಳಗಿನ ವಿವರಣೆ ಓದಿ. ಗ್ರೇಡ್‌ಗಳ ಪಟ್ಟಿ ನಿಮಗೆಲ್ಲ ಬಾಯಿಪಾಠ ಇದೆ, ನನಗೆ ಗೊತ್ತು. ಆದರೆ ಪೇಷಂಟ್ ಮುಂದೆ ನಿಂತಾಗ ತಪ್ಪುವುದು ಪಟ್ಟಿಯಲ್ಲಲ್ಲ. ಅವರನ್ನು ಹೇಗೆ ಮಲಗಿಸಿದಿರಿ, ಎಲ್ಲಿ ಕೈಯಿಟ್ಟಿರಿ, ಏನನ್ನು ನೋಡದೆ ಬಿಟ್ಟಿರಿ ಅನ್ನುವುದರಲ್ಲಿ ತಪ್ಪುತ್ತದೆ.

ಪ್ರಶ್ನೆ 1. 34 ವರ್ಷದ ಗಂಡಸು. ಬೈಕಿನಿಂದ ಬಿದ್ದು ಬ್ರೇಕಿಯಲ್ ಪ್ಲೆಕ್ಸಸ್‌ಗೆ ಪೆಟ್ಟಾಗಿದೆ. ಕೂತಾಗ ಬಲಗೈಯನ್ನು ಪಕ್ಕಕ್ಕೆ ಸ್ವಲ್ಪವೂ ಎತ್ತಲಾರ. ಆದರೆ ಡೆಲ್ಟಾಯ್ಡ್ ಮೇಲೆ ಬೆರಳಿಟ್ಟರೆ ಸ್ನಾಯು ಬಿಗಿಯಾಗುವುದು ತಿಳಿಯುತ್ತದೆ. ಅಂಗಾತ ಮಲಗಿಸಿದರೆ ಕೈಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಪೂರ್ತಿ ಪಕ್ಕಕ್ಕೆ ತರುತ್ತಾನೆ. ಎಂಆರ್‌ಸಿ ಗ್ರೇಡ್ ಎಷ್ಟು?
ಅ) 0  ಆ) 1  ಇ) 2  ಈ) 3

ಉತ್ತರ: ಇ. ಕೂರಿಸಿ ಮಾತ್ರ ನೋಡಿದವರು 1 ಅಂತ ಬರೆಯುತ್ತಾರೆ. 1 ಅಂದರೆ ಸ್ನಾಯು ಮಿಡಿಯುತ್ತದೆ, ಕೀಲು ಅಲುಗುವುದಿಲ್ಲ. ಇಲ್ಲಿ ಭೂಮಿಯ ಸೆಳೆತವನ್ನು ತಪ್ಪಿಸಿದ ಕೂಡಲೇ ಪೂರ್ತಿ ಚಲನೆ ಬಂತು, ಹಾಗಾಗಿ 2. ಕೂತಲ್ಲಿ ಆಗದಿದ್ದರೆ ಮಲಗಿಸಿ ನೋಡುವುದು ಕಡ್ಡಾಯ. ಬೆಡ್‌ಶೀಟ್ ಒರಟಾಗಿದ್ದರೆ ಉಜ್ಜಾಟಕ್ಕೇ ಕೈ ನಿಂತುಬಿಡುತ್ತದೆ. ಕೈಯನ್ನು ಕೆಳಗಿನಿಂದ ಹಗುರವಾಗಿ ಹಿಡಿದುಕೊಳ್ಳಿ, ಇಲ್ಲಾ ಪೌಡರ್ ಹಾಕಿದ ನುಣುಪು ಹಲಗೆ ಇಡಿ.

ಈ 0ರಿಂದ 5ರ ಅಳತೆಯನ್ನು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ನರಕ್ಕೆ ಗಾಯವಾದವರ ಪರೀಕ್ಷೆಗಾಗಿ ಪ್ರಕಟಿಸಿತು. ಇದನ್ನು ಯಾಕೆ ನೆನಪಿಡಬೇಕು ಅಂದರೆ, ಅದು ಹುಟ್ಟಿದ್ದು ನರ ತುಂಡಾದ, ಸಡಿಲವಾದ ಸ್ನಾಯುಗಳಿಗಾಗಿ. ಪಾರ್ಶ್ವವಾಯುವಿನಲ್ಲಿ ಬಿಗಿತ ಜಾಸ್ತಿಯಿರುವ ಕೈಗೆ ಅದೇ ಅಂಕ ಕೊಟ್ಟು ಸುಮ್ಮನಾಗಬೇಡಿ. ಅಲ್ಲಿ ಮೊಣಕೈ ಮಡಚಿದ್ದು ಬಲದಿಂದಲೋ, ಬಿಗಿತದಿಂದಲೋ ಅನ್ನುವುದನ್ನೂ ಬರೆಯಬೇಕು.

ಪ್ರಶ್ನೆ 2. ಕೂತಿರುವ ಪೇಷಂಟ್ ಮಂಡಿಯನ್ನು ನೀಟಾಗಿ ಚಾಚುತ್ತಾರೆ. ನೀವು ಕೈಯಿಂದ ಒತ್ತಿದರೆ ಸ್ವಲ್ಪ ತಡೆದು, ಆಮೇಲೆ ಬಿಟ್ಟುಕೊಡುತ್ತಾರೆ. ಗ್ರೇಡ್ ಎಷ್ಟು? ಇದೇ ಗ್ರೇಡನ್ನು ಮೀನಖಂಡಕ್ಕೆ ಕೈಯಿಂದ ಒತ್ತಿ ತೀರ್ಮಾನಿಸಬಹುದೇ?

ಉತ್ತರ: ಗ್ರೇಡ್ 4. ಎರಡನೆಯದಕ್ಕೆ ಉತ್ತರ, ಇಲ್ಲ. ಮೀನಖಂಡ ದಿನವಿಡೀ ಇಡೀ ಮೈಭಾರ ಹೊರುವ ಸ್ನಾಯು. ನಿಮ್ಮ ಕೈಯನ್ನು ಅದು ಸುಲಭವಾಗಿ ಸೋಲಿಸುತ್ತದೆ, ನೀವು 5 ಅಂತ ಬರೆದುಬಿಡುತ್ತೀರಿ. ಒಂದೇ ಕಾಲಿನ ಮೇಲೆ ನಿಲ್ಲಿಸಿ, ಮತ್ತೆ ಮತ್ತೆ ಹಿಮ್ಮಡಿ ಎತ್ತಿಸಿ ನೋಡಿ. ಆಗ ನಿಜ ಕಾಣುತ್ತದೆ. ಬೀಳದಂತೆ ಒಂದು ಬೆರಳು ಗೋಡೆಗೆ ತಾಕಿದ್ದರೆ ಸಾಕು. ಗೋಡೆಗೆ ಒರಗಿದರೆ ಪರೀಕ್ಷೆ ಕೆಟ್ಟಿತು.

ಪ್ರಶ್ನೆ 3. 66 ವರ್ಷದ ಅಜ್ಜಿ. ಬಲ ಮಂಡಿ ಬದಲಿಸಿ ಆರು ವಾರ ಆಗಿದೆ. ಅಂಗಾತ ಮಲಗಿಸಿ ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟರೆ ಮಂಡಿ 0 ಡಿಗ್ರಿಗೆ ಬರುತ್ತದೆ. ಮಂಚದ ಅಂಚಿನಲ್ಲಿ ಕೂರಿಸಿ ಕಾಲು ಚಾಚಿ ಅಂದರೆ ಕೊನೆಯ 15 ಡಿಗ್ರಿ ಬರುವುದಿಲ್ಲ. ಮಡಚುವುದು 105 ಡಿಗ್ರಿ. ಇದನ್ನು ಏನೆನ್ನುತ್ತೀರಿ? ಅಜ್ಜಿಗೆ ಏನು ಮಾಡಲಾಗುತ್ತದೆ, ಏನು ಆಗುವುದಿಲ್ಲ?

ಉತ್ತರ: ಇದು ಎಕ್ಸ್‌ಟೆನ್ಸರ್ ಲ್ಯಾಗ್. ಕೀಲು ಪೂರ್ತಿ ತೆರೆದಿದೆ, ಆದರೆ ಕ್ವಾಡ್ರಿಸೆಪ್ಸ್‌ಗೆ ಅದನ್ನು ಕೊನೆತನಕ ಎಳೆಯುವ ತಾಕತ್ತಿಲ್ಲ. ನಾವೇ ಚಾಚಿಸಿದಾಗಲೂ 15ಕ್ಕೇ ನಿಂತಿದ್ದರೆ ಅದು ಫಿಕ್ಸ್ಡ್ ಫ್ಲೆಕ್ಷನ್. ಅಲ್ಲಿ ಮೊದಲು ಬಿಗಿತ ಬಿಡಿಸಬೇಕು. ಇಲ್ಲಿ ಊತ ಇಳಿಸಿ ಸ್ನಾಯುವನ್ನು ಎಬ್ಬಿಸಬೇಕು. ಎರಡರಲ್ಲೂ ನಡೆಯುವಾಗ ಮಂಡಿ ಒಂದೇ ಥರ ಮಡಚಿಕೊಂಡೇ ಇರುತ್ತದೆ. ದೂರದಿಂದ ನೋಡಿದವರಿಗೆ ವ್ಯತ್ಯಾಸ ಸಿಗುವುದಿಲ್ಲ, ಅಲ್ವಾ? ಅದಕ್ಕೇ ಆಕ್ಟಿವ್, ಪ್ಯಾಸಿವ್ ಎರಡನ್ನೂ ಅಳೆದು ಬೇರೆ ಬೇರೆ ಬರೆಯುವುದು.

ಅಳೆಯುವ ರೀತಿಗೆ ವೈವಾದಲ್ಲಿ ಅಂಕ ಇದ್ದೇ ಇರುತ್ತದೆ. ಗೋನಿಯೋಮೀಟರ್‌ನ ನಡು ಬಿಂದು ತೊಡೆಮೂಳೆಯ ಹೊರ ಉಬ್ಬಿನ ಮೇಲೆ. ಅಲುಗದ ತೋಳು ಗ್ರೇಟರ್ ಟ್ರೋಕ್ಯಾಂಟರ್ ಕಡೆಗೆ. ಅಲುಗುವ ತೋಳು ಹೊರ ಕಾಲ್ಗಂಟಿನ ಕಡೆಗೆ. ಇಂಟರ್ನ್‌ಶಿಪ್ಪಿನಲ್ಲಿದ್ದಾಗ ನಾನು ಒಬ್ಬ ಅಜ್ಜಿಯ ಮಂಡಿಯನ್ನು ಸೀರೆಯ ಮೇಲಿಂದಲೇ ಅಳೆದಿದ್ದೆ. ಮುಜುಗರ ಆಗಬಾರದು ಅಂತ. ಚಾಚುವುದು 0 ಅಂತ ಬರೆದೆ. ಮರುದಿನ ನಮ್ಮ ಮೇಡಂ ಪರದೆ ಎಳೆದು, "ಅಜ್ಜಿ, ಮಂಡಿ ತನಕ ಸೀರೆ ಸರಿಸ್ತೀನಿ, ಮೇಲೆ ಟವೆಲ್ ಹಾಕ್ತೀನಿ, ಆಯ್ತಾ?" ಅಂತ ಕೇಳಿ, ಉಬ್ಬನ್ನು ಬೆರಳಿಂದ ಹುಡುಕಿ ಅಳೆದರು. 12 ಡಿಗ್ರಿ ಬಿಗಿತ ಇತ್ತು. ನನ್ನ ತಪ್ಪಿನಿಂದ ಅಜ್ಜಿಗೆ ಒಂದು ದಿನದ ಚಿಕಿತ್ಸೆ ಹೋಯಿತು. ಕೇಳುವ ಆ ಒಂದು ಮಾತನ್ನು ನಾನು ಇವತ್ತಿಗೂ ಬಿಟ್ಟಿಲ್ಲ, ನೀವೂ ಕಲಿಯಿರಿ.

ಇನ್ನು 105 ಡಿಗ್ರಿ. ಸಮತಟ್ಟಾದ ಕಡೆ ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ, ಕುರ್ಚಿಯಿಂದ ಏಳಲು 90ರ ಆಸುಪಾಸು ಬೇಕು. ಇವೆಲ್ಲ ಅಜ್ಜಿಗೆ ಸಾಧ್ಯ. ಆದರೆ ಕುಕ್ಕರಗಾಲಲ್ಲಿ ಕೂರಲು 120 ದಾಟಬೇಕು. ಹಾಗಾಗಿ "ಮನೆಯಲ್ಲಿ ಯಾವ ಥರದ ಟಾಯ್ಲೆಟ್ ಇದೆ?" ಅನ್ನುವುದನ್ನು ಮೊದಲ ದಿನವೇ ಕೇಳಿ. ಪುಸ್ತಕದಲ್ಲಿ ನಾರ್ಮಲ್ 135 ಅಂತಿದೆ, ಸರಿ. ಅಜ್ಜಿಗೆ ಮುಖ್ಯ ಆಗುವುದು ಮನೆಯ ಬಚ್ಚಲು, ಬಸ್ಸಿನ ಮೆಟ್ಟಿಲು.

ಪ್ರಶ್ನೆ 4. ಸಕ್ಕರೆ ಕಾಯಿಲೆ ಇರುವ 54 ವರ್ಷದ ಹೆಂಗಸು. ಎಡ ಭುಜ ನೋವು. ನೀವೇ ತಿರುಗಿಸಿದರೂ ಹೊರಕ್ಕೆ 15 ಡಿಗ್ರಿ, ಪಕ್ಕಕ್ಕೆ 70, ಒಳಕ್ಕೆ 45 ಮಾತ್ರ. ರೊಟೇಟರ್ ಕಫ್ ಹರಿದಿದೆಯೋ, ಫ್ರೋಜನ್ ಶೋಲ್ಡರೋ?

ಉತ್ತರ: ಫ್ರೋಜನ್ ಶೋಲ್ಡರ್ ಕಡೆಗೇ ವಾಲುತ್ತದೆ. ಕ್ಯಾಪ್ಸ್ಯೂಲ್ ಬಿಗಿದಾಗ ಮೊದಲು ಹೋಗುವುದು ಹೊರತಿರುಗು, ಆಮೇಲೆ ಪಕ್ಕಕ್ಕೆ ಎತ್ತುವುದು, ಕೊನೆಗೆ ಒಳತಿರುಗು. ಕಫ್ ಹರಿದಿದ್ದರೆ ಸಾಮಾನ್ಯವಾಗಿ ಅವರಾಗಿ ಎತ್ತಲು ಆಗುವುದಿಲ್ಲ, ನಾವು ಎತ್ತಿದರೆ ಬರುತ್ತದೆ. ಈ ಕೈಯ ಬಲಕ್ಕೆ ಗ್ರೇಡ್ ಬರೆಯುವಾಗ "ಇರುವ ರೇಂಜಿನೊಳಗೆ" ಅಂತ ಸೇರಿಸಿ. 70 ಡಿಗ್ರಿ ಮಾತ್ರ ತೆರೆಯುವ ಕೀಲನ್ನು 70ರ ತನಕ ತಾನೇ ಎತ್ತಿದರೆ, ಅದು 3ಕ್ಕೆ ಕಡಿಮೆ ಅಲ್ಲ.

ಪ್ರಶ್ನೆ 5. ಬಲಗಾಲ ಮೇಲೆ ನಿಲ್ಲಿಸಿದರೆ ಎಡ ಸೊಂಟ ಕೆಳಗಿಳಿಯುತ್ತದೆ. ನಡೆಯುವಾಗ ಬಲಗಾಲು ಊರಿದಾಗೆಲ್ಲ ಮೈ ಬಲಕ್ಕೆ ವಾಲುತ್ತದೆ. ಯಾವ ಸ್ನಾಯು, ಯಾವ ಕಡೆ, ಯಾವ ನರ? ಊರುಗೋಲು ಯಾವ ಕೈಗೆ?

ಉತ್ತರ: ಬಲಗಡೆಯ ಗ್ಲೂಟಿಯಸ್ ಮೀಡಿಯಸ್, ಅದರ ಜೊತೆಗೆ ಮಿನಿಮಸ್. ನರ ಸುಪೀರಿಯರ್ ಗ್ಲೂಟಿಯಲ್. ಕೋಲು ಎಡಗೈಗೆ.

ಪ್ರತಿ ವರ್ಷ ಅರ್ಧ ಕ್ಲಾಸು ಎಡಗಡೆ ಅನ್ನುತ್ತದೆ, ಇಳಿದದ್ದು ಎಡ ಸೊಂಟ ತಾನೇ ಅಂತ. ಬಾವಿಯ ರಾಟೆ ನೆನೆಸಿಕೊಳ್ಳಿ. ಬಿಂದಿಗೆ ಈ ಕಡೆ ಇಳಿಯಿತು ಅಂದರೆ ಆ ಕಡೆ ಹಗ್ಗ ಹಿಡಿದವರ ಕೈ ಸೋತಿದೆ ಅಂತ ಅರ್ಥ. ಒಂಟಿ ಕಾಲಲ್ಲಿ ನಿಂತಾಗ ಸೊಂಟವನ್ನು ಹಿಡಿದಿಡುವುದು ಊರಿದ ಕಾಲಿನ ಕಡೆಯ ಸ್ನಾಯು. ಅದಕ್ಕೆ ಆಗದಿದ್ದಾಗ ಪೇಷಂಟ್ ಮೈಭಾರವನ್ನೇ ಆ ಕೀಲಿನ ಮೇಲೆ ತಂದು ಹಾಕುತ್ತಾರೆ, ಅದೇ ಆ ವಾಲಾಟ. ಎದುರು ಕೈಯ ಕೋಲು ಇಳಿಯುವ ಸೊಂಟವನ್ನು ದೂರದಿಂದ ಎತ್ತಿ ಹಿಡಿಯುತ್ತದೆ. ಅಲ್ಲಿ ಸ್ವಲ್ಪ ಒತ್ತಿದರೂ ಜಾಸ್ತಿ ಕೆಲಸ ಆಗುತ್ತದೆ. ನೋವಿರುವ ಕಡೆಯೇ ಕೋಲು ಹಿಡಿದು ಬರುವ ಎಷ್ಟೋ ಜನರನ್ನು ನೋಡಿದ್ದೇನೆ. ಕೈ ಬದಲಿಸಿಕೊಟ್ಟ ಮೇಲೆ ನಾಲ್ಕೇ ಹೆಜ್ಜೆಯಲ್ಲಿ ಅವರ ಮುಖ ಸಡಿಲವಾಗುತ್ತದೆ.

ಪ್ರಶ್ನೆ 6. 29 ವರ್ಷದ ಹೆಣ್ಣುಮಗಳು. ಒಂದು ವಾರ ಕುಕ್ಕರಗಾಲಲ್ಲಿ ಕೂತು ಹೊಲದಲ್ಲಿ ಕಳೆ ಕಿತ್ತಿದ್ದಾಳೆ. ಈಗ ಬಲ ಪಾದ ಮೇಲೆತ್ತಲು ಬರುವುದಿಲ್ಲ. ಮಂಡಿ ಎತ್ತೆತ್ತಿ ಇಟ್ಟು, ಪಾದವನ್ನು ಪಟ್ ಅಂತ ನೆಲಕ್ಕೆ ಬಡಿಯುತ್ತ ನಡೆಯುತ್ತಾಳೆ. ಪಾದವನ್ನು ಒಳಮಗ್ಗುಲಿಗೆ ತಿರುಗಿಸುವ ಬಲ 5 ಇದೆ. ತೊಂದರೆ ಎಲ್ಲಿ?

ಉತ್ತರ: ಮಂಡಿಯ ಹೊರಪಕ್ಕದಲ್ಲಿ, ಫಿಬ್ಯುಲಾದ ಕುತ್ತಿಗೆ ಬಳಿ ಕಾಮನ್ ಪೆರೋನಿಯಲ್ ನರ ಒತ್ತಿದೆ. ಕೀಲಿ ಇರುವುದು ಕೊನೆಯ ವಾಕ್ಯದಲ್ಲಿ. ಪಾದವನ್ನು ಒಳಗೆ ತಿರುಗಿಸುವ ಟಿಬಿಯಾಲಿಸ್ ಪೋಸ್ಟೀರಿಯರ್‌ಗೆ ಟಿಬಿಯಲ್ ನರ, ಮೂಲದಲ್ಲಿ ಎಲ್5 ಬೇರು. ಬೆನ್ನಿನಲ್ಲಿ ಎಲ್5 ಬೇರು ಒತ್ತಿದ್ದರೆ ಅದೂ ಸೋಲುತ್ತಿತ್ತು, ಜೊತೆಗೆ ಸೊಂಟವನ್ನು ಹಿಡಿದಿಡುವ ಗ್ಲೂಟಿಯಸ್ ಮೀಡಿಯಸ್ ಕೂಡ. ಪಾದ ಜೋತಿದೆ ಅಂತ ಕೆಳಗಷ್ಟೇ ನೋಡಬೇಡಿ, ಸೊಂಟವನ್ನೂ ಪರೀಕ್ಷಿಸಿ. ಮೇಲಿನಿಂದ ಪಾದ ತನಕ ಸ್ಪರ್ಶಜ್ಞಾನವನ್ನೂ ನೋಡಿ. ಮೀನಖಂಡ ಬಿಗಿಯದಂತೆ ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಕೊಡಿ, ಕಾಲ ಮೇಲೆ ಕಾಲು ಹಾಕಿ ಕೂರಬೇಡ ಅಂತ ಹೇಳಿ.

ಪ್ರಶ್ನೆ 7. ನಡಿಗೆ ನೋಡಿ ಕಾರಣ ಹೇಳಿ. ಕಾಲನ್ನು ಹೊರಗೆ ಅರ್ಧವೃತ್ತ ಸುತ್ತಿಸಿ ಇಡುವುದು, ತೊಡೆಗಳು ಕತ್ತರಿಯಂತೆ ಹೆಣೆದುಕೊಳ್ಳುವುದು, ಮುಂದೆ ಬಾಗಿ ಪುಟ್ಟ ಹೆಜ್ಜೆಯಲ್ಲಿ ವೇಗ ಏರುತ್ತ ಹೋಗುವುದು, ಕಾಲಗಲಿಸಿ ತೂರಾಡುವುದು, ಒಂದು ಕಾಲನ್ನು ಊರಿದ ಕೂಡಲೇ ಎತ್ತಿಬಿಡುವುದು.

ಉತ್ತರ: ಕ್ರಮವಾಗಿ ಪಾರ್ಶ್ವವಾಯು, ಸ್ಪಾಸ್ಟಿಕ್ ಡೈಪ್ಲೀಜಿಯಾ, ಪಾರ್ಕಿನ್ಸನ್, ಸೆರಿಬೆಲ್ಲಮ್ ತೊಂದರೆ, ನೋವು. ಆರೋಗ್ಯವಂತರಲ್ಲಿ ಒಂದು ಸುತ್ತು ನಡಿಗೆಯಲ್ಲಿ ನೂರಕ್ಕೆ ಸುಮಾರು 60 ಭಾಗ ಪಾದ ನೆಲದ ಮೇಲೆ, 40 ಭಾಗ ಗಾಳಿಯಲ್ಲಿ. ನೋವಿನ ಕಾಲಿನಲ್ಲಿ ಆ 60 ಕುಗ್ಗುತ್ತದೆ.

ಪ್ರಶ್ನೆ 8. 48 ವರ್ಷದ ಟೈಲರ್. ಮಗುವಾಗಿದ್ದಾಗ ಎಡಗಾಲಿಗೆ ಪೋಲಿಯೋ. ಕ್ವಾಡ್ರಿಸೆಪ್ಸ್ ಗ್ರೇಡ್ 1, ಗ್ಲೂಟಿಯಸ್ ಮ್ಯಾಕ್ಸಿಮಸ್ 4. ಮಂಡಿ 0ಗೆ ಬರುತ್ತದೆ. ಪಾದ ಸ್ವಲ್ಪ ಕೆಳಮುಖವಾಗಿ ಬಿಗಿದಿದೆ. ಪ್ರತಿ ಹೆಜ್ಜೆಗೂ ಎಡಗೈಯಿಂದ ತೊಡೆ ಒತ್ತುತ್ತಾರೆ. "ಹಿಮ್ಮಡಿ ನೆಲಕ್ಕೆ ತಾಕೋ ಹಾಗೆ ಮಾಡಿಕೊಡಿ" ಅಂತ ಬಂದಿದ್ದಾರೆ. ಮೀನಖಂಡವನ್ನು ಎಳೆದು ಸಡಿಲಿಸುತ್ತೀರಾ?

ಉತ್ತರ: ದೇಶದ ಕೊನೆಯ ಕಾಡು ಪೋಲಿಯೋ ಪ್ರಕರಣ 2011ರ ಜನವರಿಯದು, 2014ರಲ್ಲಿ ಪೋಲಿಯೋಮುಕ್ತ ಅಂತ ಘೋಷಣೆಯೂ ಆಯಿತು. ಹೊಸಬರು ಬರದಿದ್ದರೂ ಹಳಬರು ನಮ್ಮ ನಡುವೆಯೇ ಇದ್ದಾರೆ, ವಯಸ್ಸಾಗುತ್ತಿದೆ, ಆಯಾಸ ಹೆಚ್ಚುತ್ತಿದೆ. ಅವರಿಗಾಗಿ ಈ ಪ್ರಶ್ನೆ.

ದುಡುಕಿ ಎಳೆಯಬೇಡಿ. ಈ ಮನುಷ್ಯ ಮಂಡಿಯ ಬಲವಿಲ್ಲದೆ ನಲವತ್ತು ವರ್ಷ ನಡೆದದ್ದು ಹೇಗೆ ಅಂತ ಮೊದಲು ಕೂತು ನೋಡಿ. ಮಂಡಿಯನ್ನು ಬೀಗ ಹಾಕಿದಂತೆ ನಿಲ್ಲಿಸುವುದು ಮೂರು ಸಂಗತಿ: ಕೈಯ ಒತ್ತು, ತೊಡೆಯನ್ನು ಹಿಂದಕ್ಕೆ ಎಳೆಯುವ ಗ್ಲೂಟಿಯಸ್ ಮ್ಯಾಕ್ಸಿಮಸ್, ಮತ್ತು ಆ ಬಿಗಿದ ಪಾದ. ಮುಂಗಾಲು ಮೊದಲು ನೆಲ ಮುಟ್ಟುವುದರಿಂದ ಮಂಡಿ ಹಿಂದಕ್ಕೆ ತಳ್ಳಿಕೊಂಡು ನಿಲ್ಲುತ್ತದೆ. ಆ ಬಿಗಿತ ತೆಗೆದರೆ ಹಿಮ್ಮಡಿ ನೆಲಕ್ಕೆ ತಾಕುತ್ತದೆ, ಮಂಡಿ ಮಡಚಿ ಮನುಷ್ಯ ಬೀಳುತ್ತಾರೆ. ಗ್ರೇಡ್ 1ನ್ನು ಈ ವಯಸ್ಸಿನಲ್ಲಿ ವ್ಯಾಯಾಮದಿಂದ 3 ಮಾಡುತ್ತೇನೆ ಅಂತ ಮಾತು ಕೊಡುವುದೂ ತಪ್ಪು. ಅತಿಯಾಗಿ ದುಡಿಸಿದರೆ ಉಳಿದ ಸ್ನಾಯುಗಳೂ ಸೋಲುತ್ತವೆ.

ಕಾಯಬೇಕಾದದ್ದು ಮಂಡಿಯ 0 ಡಿಗ್ರಿ. ದಿನವಿಡೀ ಹೊಲಿಗೆ ಮಿಷನ್ ಮುಂದೆ ಮಂಡಿ ಮಡಚಿ ಕೂರುವ ಕೆಲಸ ಅವರದು. 10 ಡಿಗ್ರಿ ಬಿಗಿದರೂ ಬೀಗ ಬೀಳುವುದಿಲ್ಲ, ಕೈ ಒತ್ತಿದರೂ ಸಾಲದು. ಗಂಟೆಗೊಮ್ಮೆ ಎದ್ದು ಕಾಲು ಚಾಚಲು ಕಲಿಸಿ. ಬಲಗಾಲಿನ ಚಪ್ಪಲಿ ಎತ್ತರವನ್ನು ನೋಡಿ. ಕೈ ಬಿಡುವಾಗಬೇಕು ಅಂತ ಅವರೇ ಬಯಸಿದರೆ ಕ್ಯಾಲಿಪರ್ ಬಗ್ಗೆ ಮಾತಾಡಿ, ಹಾಕಿಸಿ ನಡೆಸಿ ತೋರಿಸಿ. ಆಮೇಲೂ "ಬೇಡ, ಹೀಗೇ ಚೆನ್ನಾಗಿದೆ" ಅಂದರೆ, ಕೇಸ್ ಶೀಟಿನಲ್ಲಿ ಅವರ ಮಾತನ್ನು ಹಾಗೇ ಬರೆಯಿರಿ.