ಪ್ರಣವ್‌ನ ಅಪ್ಪ ಅಮ್ಮನಿಗೆ: ಮನೋವೈಜ್ಞಾನಿಕ ಅಸೆಸ್‌ಮೆಂಟ್ ಎಂದರೇನು, ನಿಮ್ಮ ಒಪ್ಪಿಗೆ ಯಾಕೆ ಬೇಕು

ಮೈಸೂರು
8 ಜುಲೈ 2025, ಮಂಗಳವಾರ

ಪ್ರಣವ್‌ನ ಅಪ್ಪ ಅಮ್ಮನಿಗೆ ನಮಸ್ಕಾರ.

ಶುಕ್ರವಾರ ಫೋನಿನಲ್ಲಿ ಮಾತಾಡುವಾಗ ಅಮ್ಮ ಒಂದು ಮಾತು ಕೇಳಿದರು. "ಮೇಡಂ, ನಮ್ಮ ಹುಡುಗನಿಗೆ ತಲೆ ಸರಿ ಇಲ್ಲ ಅಂತೀರಾ?" ನಾನು ತಕ್ಷಣ ಇಲ್ಲ ಅಂದೆ. ಆದರೆ ಎರಡು ನಿಮಿಷದ ಫೋನಿನಲ್ಲಿ ಹೇಳಿದ "ಇಲ್ಲ" ರಾತ್ರಿ ಮಲಗಿದಾಗ ಸಾಲುವುದಿಲ್ಲ, ಗೊತ್ತು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಿದೆ. ಬಿಡುವಾದಾಗ ಇಬ್ಬರೂ ಕೂತು ಓದಿ. ಅಜ್ಜಿಗೂ ಓದಿ ಹೇಳಿ, ಅವರಿಂದ ನಮಗೆ ಒಂದು ಕೆಲಸ ಆಗಬೇಕಿದೆ.

ಮೊದಲು ನಾವು ನೋಡಿದ್ದನ್ನು ಹೇಳಿಬಿಡುತ್ತೇನೆ. ಹೋದ ವಾರ ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಪ್ರಣವ್ ಕನ್ನಂಬಾಡಿ ಕಟ್ಟೆಯ ಗೇಟುಗಳು ಹೇಗೆ ಏಳುತ್ತವೆ ಅಂತ ಇಡೀ ಕ್ಲಾಸಿಗೆ ವಿವರಿಸಿದ. ಕೈ ಆಡಿಸುತ್ತಾ, ಬೋರ್ಡ್ ಮೇಲೆ ಚಿತ್ರ ಬಿಡಿಸುತ್ತಾ. ಅದನ್ನೇ ಬರೆದು ಕೊಡು ಅಂದಾಗ ಅರ್ಧ ಗಂಟೆಯಲ್ಲಿ ಮೂರು ಸಾಲು ಬಂತು. ಮೂರರಲ್ಲೂ ಒತ್ತಕ್ಷರ ಬಿಟ್ಟುಹೋಗಿತ್ತು. ಓದುವಾಗಲೂ "ಕತ್ತೆ" ಅಂತ ಇದ್ದ ಕಡೆ "ಕತೆ" ಅಂತಾನೆ. ಪ, ವ, ಮ ಗೊಂದಲ ಆಗುತ್ತವೆ. ಇಂಗ್ಲಿಷಿನಲ್ಲಿ ಬಿ ಮತ್ತು ಡಿ ಅದಲುಬದಲು. ಚಿಕ್ಕ ಮಕ್ಕಳು ಹೀಗೆ ಮಾಡುವುದು ಮಾಮೂಲು, ಆದರೆ ಅವನು ಈಗ ಐದನೇ ಕ್ಲಾಸು. ನನಗೆ ಜಾಸ್ತಿ ಚಿಂತೆ ತಂದದ್ದು ಬೇರೆಯದೇ. ಡಿಕ್ಟೇಶನ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು ಅಂತ ಅವನು ನನ್ನ ಕೊಠಡಿಗೆ ಬರುತ್ತಾನೆ. ಜೂನ್‌ನಲ್ಲಿ ನಾಲ್ಕು ಸಲ ಬಂದ. ಅದು ನಾಟಕ ಅಲ್ಲ. ಆ ನೋವು ಅವನಿಗೆ ನಿಜವಾಗಿಯೂ ಆಗುತ್ತದೆ.

ಇಷ್ಟು ನೋಡಿದ ಮಾತ್ರಕ್ಕೆ "ಇವನಿಗೆ ಇಂಥದ್ದೇ ತೊಂದರೆ" ಅಂತ ನಾನು ಹೇಳಬಾರದು. ಹೇಳುವ ಅಧಿಕಾರವೂ ನನಗಿಲ್ಲ. ಕಾರಣ ಹಲವು ಇರಬಹುದು. ಕಣ್ಣು ಕಿವಿಯ ತೊಂದರೆ ಇರಬಹುದು. ಗಮನ ಒಂದು ಕಡೆ ನಿಲ್ಲದೆ ಇರಬಹುದು. ಏನೋ ಭಯ ಮನಸ್ಸಿನಲ್ಲಿ ಕೂತಿರಬಹುದು. ಇನ್ನೊಂದನ್ನು ಮರೆಯಬಾರದು: ಈ ಬ್ಯಾಚಿನ ಮಕ್ಕಳು ಯುಕೆಜಿ ಕಲಿತದ್ದು ಮೊಬೈಲ್‌ನಲ್ಲಿ. 2021ರಲ್ಲಿ ಒಂದನೇ ಕ್ಲಾಸಿನ ಬಾಗಿಲು ತೆರೆಯುವಷ್ಟರಲ್ಲಿ ಅಕ್ಟೋಬರ್ ಕೊನೆ ಆಗಿತ್ತು. ಅಕ್ಷರ ತಿದ್ದುವ ವಯಸ್ಸಿನಲ್ಲಿ ಕೈ ಹಿಡಿದು ತಿದ್ದಿಸುವವರು ಇರಲಿಲ್ಲ. ಅದರ ಪಾಲು ಎಷ್ಟು, ಬೇರೆಯದರ ಪಾಲು ಎಷ್ಟು ಅಂತ ಬಿಡಿಸಿ ನೋಡುವುದಕ್ಕೇ ಈ ಅಸೆಸ್‌ಮೆಂಟ್.

ಮಾಡುವವರು ನಾನಲ್ಲ. ತಿಂಗಳಿಗೆ ಎರಡು ಶನಿವಾರ ನಮ್ಮ ಶಾಲೆಗೆ ಬರುವ ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಅವರ ಹೆಸರು ನೋಂದಣಿ ಆಗಿದೆ. ಬೇಕಿದ್ದರೆ ನಂಬರ್ ಕೇಳಿ ನೋಡಿ, ಸಂಕೋಚ ಬೇಡ. ಖರ್ಚು ಶಾಲೆಯದು.

ಇಂಜೆಕ್ಷನ್ ಇಲ್ಲ, ರಕ್ತ ತೆಗೆಯುವುದಿಲ್ಲ, ತಲೆಗೆ ವೈರು ಹಚ್ಚುವುದಿಲ್ಲ, ಮಾತ್ರೆ ಕೊಡುವುದಿಲ್ಲ. ಒಂದು ಮೇಜು, ಎರಡು ಕುರ್ಚಿ, ಕಾಗದ, ಪೆನ್ಸಿಲ್, ಒಂದಷ್ಟು ಬಣ್ಣದ ಬ್ಲಾಕುಗಳು. ಅಷ್ಟೇ.

ಮೊದಲ ಭಾಗ ನಿಮ್ಮ ಜೊತೆ ಮಾತುಕತೆ. ಹೆರಿಗೆ ಹೇಗಾಯಿತು, ಯಾವಾಗ ನಡೆದ, ಯಾವಾಗ ಮಾತು ಬಂತು, ಜ್ವರ ಬಂದು ಫಿಟ್ಸ್ ಏನಾದರೂ ಆಗಿತ್ತಾ, ಮನೆಯಲ್ಲಿ ಹೋಮ್‌ವರ್ಕ್ ಹೊತ್ತಿನಲ್ಲಿ ಏನು ನಡೆಯುತ್ತದೆ, ಇವೆಲ್ಲ ಕೇಳುತ್ತಾರೆ. ತಾಯಿ ಕಾರ್ಡ್ ಇದ್ದರೆ ತನ್ನಿ. ಅಜ್ಜಿ ಬೇಕು ಅಂದದ್ದು ಇಲ್ಲಿಗೇ. "ಇವನ ಅಪ್ಪನೂ ಚಿಕ್ಕವನಿದ್ದಾಗ ಪುಸ್ತಕ ಹಿಡಿದರೆ ಹೀಗೇ ಒದ್ದಾಡ್ತಿದ್ದ" ಅಂತ ಅವರು ಪೋಷಕರ ಸಭೆಯ ದಿನ ನಗುತ್ತಾ ಹೇಳಿದ್ದರು. ನಗುವ ಮಾತಾದರೂ ಅದು ನಮಗೆ ಮುಖ್ಯ. ಓದು ಬರಹದ ತೊಂದರೆ ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕಾಣುತ್ತದೆ. ಇದರಲ್ಲಿ ಅಪ್ಪನ ತಪ್ಪೇನೂ ಇಲ್ಲ. ಬುದ್ಧಿವಂತಿಕೆಗೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯದು ಪ್ರಣವ್ ಜೊತೆ. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಪದಗಳ ಅರ್ಥ, ಚಿತ್ರದಲ್ಲಿ ಏನು ತಪ್ಪಿದೆ, ಅಂಕಿಗಳನ್ನು ಕೇಳಿ ತಿರುಗಿ ಹೇಳುವುದು, ಬ್ಲಾಕ್ ಜೋಡಿಸುವುದು, ಇಂಥವು ಇರುತ್ತವೆ. ಇದಕ್ಕೆ ನಮ್ಮಲ್ಲಿ ಬಳಸುವ ಒಂದು ಪರೀಕ್ಷೆ ಬಿನೆ–ಕಾಮತ್. ಫ್ರಾನ್ಸಿನ ಬಿನೆ ಅವರ ಪರೀಕ್ಷೆಯನ್ನು ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು. ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳುತ್ತಾರೆ. ಆಮೇಲೆ ನಿಮ್ಹಾನ್ಸ್‌ನಲ್ಲಿ ತಯಾರಾದ ಕಲಿಕಾ ತೊಂದರೆಯ ಪರೀಕ್ಷೆಗಳು. ಗಟ್ಟಿಯಾಗಿ ಓದುವುದು, ಓದಿದ್ದು ಅರ್ಥವಾಯಿತಾ ಅಂತ ನೋಡುವುದು, ಹೇಳಿದ್ದನ್ನು ಬರೆಯುವುದು, ಆಕಾರ ನೋಡಿ ಬಿಡಿಸುವುದು, ಲೆಕ್ಕ, ನೆನಪು, ಗಮನ. ಅವನು ಎಲ್ಲಿ ತಡವರಿಸುತ್ತಾನೆ, ತಡವರಿಸಿದಾಗ ಏನು ಮಾಡುತ್ತಾನೆ, ಇದನ್ನು ಸೈಕಾಲಜಿಸ್ಟ್ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಾರೆ. ನನ್ನ ಪ್ರಕಾರ ಅಂಕಿಗಳಿಗಿಂತ ಆ ಟಿಪ್ಪಣಿಯೇ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರುವುದು.

ಅಂಕಿಯ ಮಾತು ಬಂತಲ್ಲ, ಐಕ್ಯೂ ಬಗ್ಗೆ ಒಂದಿಷ್ಟು ಹೇಳಲೇಬೇಕು. ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸರಾಸರಿ ಅಂದರೆ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. ಅವತ್ತು ನಿದ್ದೆ ಕೆಟ್ಟಿದ್ದರೆ, ಹೆದರಿದ್ದರೆ ಕೆಲವು ಅಂಕ ಆಚೀಚೆ ಆಗುತ್ತದೆ. ನಮ್ಮಲ್ಲಿ ಬಳಸುವ ಕೆಲವು ಪರೀಕ್ಷೆಗಳು ಹಳೆಯವು ಕೂಡ. ಆದ್ದರಿಂದ ಆ ಒಂದು ಅಂಕಿ ಹಿಡಿದುಕೊಂಡು ಯಾರೂ ತೀರ್ಮಾನ ಮಾಡುವುದಿಲ್ಲ. ದಯವಿಟ್ಟು ನೀವೂ ಮಾಡಬೇಡಿ, ನೆಂಟರಿಗೆ ಹೇಳಲೂ ಬೇಡಿ. ಮಕ್ಕಳು ಕೇಳಿಸಿಕೊಂಡಿರುತ್ತಾರೆ.

ಜುಲೈ 19 ಮತ್ತು 26, ಎರಡು ಶನಿವಾರ, ಬೆಳಿಗ್ಗೆ 9ರಿಂದ 10:30. ಒಂದೇ ದಿನ ಮುಗಿಸಿದರೆ ಮಗು ಸುಸ್ತಾಗುತ್ತದೆ. ನಿಮ್ಮ ಮಾತುಕತೆ 19ರಂದೇ, 10:45ಕ್ಕೆ. ಅಪ್ಪನಿಗೆ ನೈಟ್ ಶಿಫ್ಟ್ ಇದ್ದರೆ ಹೇಳಿ, ಹೊತ್ತು ಬದಲಿಸೋಣ. ಅದಕ್ಕೂ ಮುಂಚೆ ಒಮ್ಮೆ ಕಣ್ಣು ಮತ್ತು ಕಿವಿ ತೋರಿಸಿಕೊಂಡು ಬನ್ನಿ. ಕಿವಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಬೋರ್ಡ್ ಕಾಣದ ಮಗುವಿಗೆ ಓದಿನ ಪರೀಕ್ಷೆ ಮಾಡಿ ಏನು ಪ್ರಯೋಜನ, ಅಲ್ವಾ?

ಅವನನ್ನು ಇದಕ್ಕೆ ತಯಾರಿ ಮಾಡಿಸಬೇಡಿ. ಟ್ಯೂಷನ್ ಮಿಸ್ ಹತ್ತಿರ ಕಾಪಿ ಬರೆಸುವುದೂ ಬೇಡ. ಹಿಂದಿನ ರಾತ್ರಿ ಬೇಗ ಮಲಗಿಸಿ, ತಿಂಡಿ ತಿನ್ನಿಸಿ ಕಳಿಸಿ. "ಆಟ ಆಡಿಸ್ತಾರೆ" ಅಂತ ಸುಳ್ಳು ಹೇಳಬೇಡಿ, ಒಳಗೆ ಬಂದು ಪುಸ್ತಕ ನೋಡಿದರೆ ಮೋಸ ಅನಿಸುತ್ತದೆ. "ಓದುವುದು ನಿನಗೆ ಯಾಕೆ ಕಷ್ಟ ಆಗ್ತಿದೆ ಅಂತ ನೋಡೋದಕ್ಕೆ ಒಬ್ಬರು ಆಂಟಿ ಬರ್ತಾರೆ. ಕೆಲವು ಸುಲಭ ಇರುತ್ತೆ, ಕೆಲವು ಬರಲ್ಲ. ಬರದಿದ್ದರೂ ಬೈಯಲ್ಲ. ಪಾಸು ಫೇಲು ಇಲ್ಲ" ಅಂತ ಇದ್ದದ್ದನ್ನು ಇದ್ದ ಹಾಗೇ ಹೇಳಿ. ನೀವು ಸಹಿ ಹಾಕಿದ ಮೇಲೂ ನಾವು ಅವನನ್ನು ಕೇಳುತ್ತೇವೆ. ನಡುವೆ ಬೇಡ ಅಂದರೆ ಅಲ್ಲಿಗೇ ನಿಲ್ಲಿಸುತ್ತೇವೆ.

ರಿಪೋರ್ಟ್ ಆಗಸ್ಟ್ 16ರೊಳಗೆ ನಿಮ್ಮ ಕೈಗೆ ಬರುತ್ತದೆ. ಸುಮ್ನೆ ಕವರಿನಲ್ಲಿ ಹಾಕಿ ಕೊಡುವುದಿಲ್ಲ, ಕೂರಿಸಿ ಸಾಲು ಸಾಲಾಗಿ ವಿವರಿಸುತ್ತೇವೆ. ಒಂದು ಪ್ರತಿ ನಿಮಗೆ, ಒಂದು ನನ್ನ ಬೀರುವಿನಲ್ಲಿ, ಬೀಗದ ಒಳಗೆ. ಟೀಚರುಗಳಿಗೆ ಪೂರ್ತಿ ರಿಪೋರ್ಟ್ ಕೊಡುವುದಿಲ್ಲ. ಎದುರಿನ ಬೆಂಚಿನಲ್ಲಿ ಕೂರಿಸಿ, ಪ್ರಶ್ನೆ ಓದಿ ಹೇಳಿ, ಬಾಯಿಯಲ್ಲಿ ಉತ್ತರ ಕೇಳಿ, ಹೀಗೆ ಮಾಡಬೇಕಾದ್ದನ್ನು ಮಾತ್ರ ಹೇಳುತ್ತೇವೆ. ಅದೂ ನೀವು ಒಪ್ಪಿದರೆ. ವಿಡಿಯೋ, ಫೋಟೋ ಇಲ್ಲ. ಒಂದು ವಿಷಯದಲ್ಲಿ ಮಾತ್ರ ನಾನು ಗುಟ್ಟು ಕಾಪಾಡುವುದಕ್ಕೆ ಆಗುವುದಿಲ್ಲ. ಮಗುವಿಗೆ ಯಾರಿಂದಲಾದರೂ ಅಪಾಯ ಇದೆ ಅಂತ ತಿಳಿದರೆ ಅವನ ಸುರಕ್ಷತೆಗೆ ಬೇಕಾದವರಿಗೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾನೂನಿನ ಪ್ರಕಾರ ದೂರು ಕೊಡಲೇಬೇಕು. ಇದನ್ನು ಎಲ್ಲ ಪೋಷಕರಿಗೂ ಹೇಳುತ್ತೇನೆ, ನಿಮ್ಮ ಮನೆಯ ಮೇಲೆ ಅನುಮಾನ ಪಟ್ಟು ಅಲ್ಲ.

ರಿಪೋರ್ಟ್‌ನಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ತೊಂದರೆ ಅಂತ ಬಂದರೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದೂ ಸೇರಿದೆ. "ಅಂಗವಿಕಲ" ಅನ್ನುವ ಪದ ನೋಡಿ ಎದೆ ಧಸಕ್ ಅನ್ನುತ್ತದೆ, ಅನ್ನಲಿ, ನನಗೂ ಆ ಪದ ಇಷ್ಟವಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಇಂಥ ಅನುಕೂಲ ಕೇಳಲು ದಾರಿ ಇರುವುದು ಅಲ್ಲಿಂದಲೇ. ಅದಕ್ಕೆ ಬೇಕಾದ ಸರ್ಟಿಫಿಕೇಟ್ ಬೇರೆ, ಸರ್ಕಾರಿ ವ್ಯವಸ್ಥೆಯಲ್ಲಿ ಪಡೆಯಬೇಕು. ಶಾಲೆಯ ಈ ರಿಪೋರ್ಟೇ ಸರ್ಟಿಫಿಕೇಟ್ ಅಲ್ಲ. ಅದನ್ನು ಮಾಡಿಸುವುದು ಬಿಡುವುದು ಆಮೇಲಿನ ಮಾತು, ಅದೂ ನಿಮ್ಮ ಇಷ್ಟ.

ನೀವು ಬಾಯಿಬಿಟ್ಟು ಕೇಳಲಿಲ್ಲ, ಆದರೂ ಹೇಳುತ್ತೇನೆ. ಏನೇ ಬಂದರೂ ಟಿಸಿ ಕೊಟ್ಟು ಕಳಿಸುವುದಿಲ್ಲ, ಸೆಕ್ಷನ್ ಬದಲಿಸುವುದಿಲ್ಲ, ಹಿಂದಿನ ಕ್ಲಾಸಿಗೆ ಹಾಕುವುದಿಲ್ಲ. ಹೆಡ್‌ಮಾಸ್ಟರ್ ಇದನ್ನು ಓದಿ ಕೆಳಗೆ ಸಹಿ ಮಾಡಿದ್ದಾರೆ.

ನೀವು ಬೇಡ ಅಂದರೂ ಪರವಾಗಿಲ್ಲ. ನನಗೆ ಬೇಜಾರಿಲ್ಲ, ಪ್ರಣವ್ ನನ್ನ ಕೊಠಡಿಗೆ ಬರುವುದೂ ನಿಲ್ಲುವುದಿಲ್ಲ. ಹೊರಗೆ ಬೇರೆ ಕಡೆ ಮಾಡಿಸುತ್ತೀವಿ ಅಂದರೂ ಸರಿ. ಆದರೆ ಅಲ್ಲಿಯವರೆಗೆ ಒಂದು ಕೇಳಿಕೊಳ್ಳುತ್ತೇನೆ: "ಸೋಮಾರಿ" ಅನ್ನುವ ಪದ ಮನೆಯಲ್ಲಿ ನಿಲ್ಲಿಸಿ. ಸ್ಟಾಫ್ ರೂಮಿನಲ್ಲಿ ನಾನು ನಿಲ್ಲಿಸಿದ್ದೇನೆ.

ಕೆಳಗಿನ ಒಪ್ಪಿಗೆಯಲ್ಲಿ ಎರಡು ಸಾಲುಗಳಿವೆ. ಬೇಕಾದ ಸಾಲಿನ ಕೆಳಗೆ ಸಹಿ ಮತ್ತು ತಾರೀಖು ಹಾಕಿ, 15ನೇ ತಾರೀಖು ಮಂಗಳವಾರದೊಳಗೆ ಕವರಿನಲ್ಲಿಟ್ಟು ಕಳಿಸಿ. ಡೈರಿಯಲ್ಲಿ ಅಂಟಿಸಬೇಡಿ, ಡೈರಿ ಎಲ್ಲರೂ ನೋಡುತ್ತಾರೆ. ಕೇಳುವುದಿದ್ದರೆ ಮಧ್ಯಾಹ್ನ 2ರಿಂದ 3:30ರವರೆಗೆ ಲೈಬ್ರರಿ ಪಕ್ಕದ ಕೊಠಡಿಯಲ್ಲಿ ಇರುತ್ತೇನೆ.

ಇಂತಿ ನಿಮ್ಮ,
ಸುಮಾ
ಶಾಲಾ ಕೌನ್ಸೆಲರ್

ಒಪ್ಪಿಗೆ ಪತ್ರ

ಐದನೇ ತರಗತಿ ಬಿ ಸೆಕ್ಷನ್‌ನ ಪ್ರಣವ್‌ನ ಪೋಷಕರಾದ ನಾವು ಮೇಲಿನ ಪತ್ರ ಓದಿದ್ದೇವೆ. ಅರ್ಥವಾಗದ್ದನ್ನು ಕೇಳಲು ನಮಗೆ ಅವಕಾಶ ಇತ್ತು. ಈ ಒಪ್ಪಿಗೆಯನ್ನು ಯಾವಾಗ ಬೇಕಾದರೂ, ಕಾರಣ ಹೇಳದೆ ಹಿಂದೆ ಪಡೆಯಬಹುದು ಎಂದು ನಮಗೆ ಗೊತ್ತಿದೆ. ಇಬ್ಬರಲ್ಲಿ ಒಬ್ಬರ ಸಹಿ ಇದ್ದರೂ ಸಾಕು.

ಅಸೆಸ್‌ಮೆಂಟ್ ಮಾಡಲು ಮತ್ತು ತರಗತಿಯಲ್ಲಿ ಅನುಸರಿಸಬೇಕಾದ ಕ್ರಮಗಳನ್ನಷ್ಟೇ ಶಿಕ್ಷಕರಿಗೆ ತಿಳಿಸಲು ನಮ್ಮ ಒಪ್ಪಿಗೆ ಇದೆ.

ಸದ್ಯಕ್ಕೆ ಅಸೆಸ್‌ಮೆಂಟ್ ಬೇಡ. ಮೊದಲು ಒಮ್ಮೆ ಬಂದು ಮಾತಾಡುತ್ತೇವೆ.