ಮೂರನೇ ಕ್ಲಾಸಿನ ಎಲ್ಲ ಮನೆಯವರಿಗೂ ದೀಪಾವಳಿ ಶುಭಾಶಯ

ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ ನಮಸ್ಕಾರ.

ದೀಪಾವಳಿ ಹಬ್ಬದ ಶುಭಾಶಯಗಳು! ನೀರು ತುಂಬುವ ಹಬ್ಬದಿಂದ ಹಿಡಿದು ಪಾಡ್ಯದ ದಿನ ಬಾಗಿಲ ಮುಂದೆ ಹಟ್ಟೆವ್ವನನ್ನು ಇಡುವವರೆಗೂ ನಿಮ್ಮ ಮನೆಯಲ್ಲಿ ಗದ್ದಲ, ನಗು, ಶೇಂಗಾ ಹೋಳಿಗೆ, ಕರ್ಚಿಕಾಯಿ ಎಲ್ಲಾ ತುಂಬಿರಲಿ. ನವನಗರದಿಂದ ಅರ್ಧ ಕ್ಲಾಸು ಅಜ್ಜಿ ಊರಿಗೆ ಹೊರಟಿದೆ ಅಂತ ಮಕ್ಕಳೇ ಹೇಳಿದರು. ಈ ವಾರ ಪಾಠಕ್ಕಿಂತ ಪಟಾಕಿ ಮಾತೇ ಜಾಸ್ತಿ.

ಅದಕ್ಕೇ ಒಂದೆರಡು ಮಾತು. ಪಟಾಕಿ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಮಕ್ಕಳು ಹಚ್ಚುವಾಗ ದೊಡ್ಡವರೊಬ್ಬರು ಪಕ್ಕದಲ್ಲೇ ಇರಿ, ವಿಡಿಯೋ ಆಮೇಲೆ ಮಾಡಿದರಾಯಿತು.

ಏನೂ ಆಗಲ್ಲ ಅಂತ ಚಿಕ್ಕವರ ಕೈಗೆ ನಾವು ಕೊಡುವುದು ಸುರಸುರಬತ್ತಿ, ಅಲ್ವಾ? ಅದರ ತುದಿ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಬೆಳಕು ಆರಿದ ಮೇಲೂ ತಂತಿ ಸುಡುತ್ತಲೇ ಇರುತ್ತದೆ, ಅದನ್ನು ಅಲ್ಲೇ ಎಸೆದರೆ ಹಿಂದೆ ಓಡಿ ಬರುವ ತಮ್ಮನೋ ತಂಗಿಯೋ ಬರಿಗಾಲಲ್ಲಿ ತುಳಿಯುತ್ತಾರೆ. ಅಂಗಳದಲ್ಲಿ ಒಂದು ಬಕೆಟ್ ನೀರಿಡಿ, ಉರಿದ ಕಡ್ಡಿ ನೇರ ಅದರೊಳಗೆ ಹೋಗಲಿ. ಕಾಲಿಗೆ ಚಪ್ಪಲಿ, ಮೈಮೇಲೆ ಹತ್ತಿ ಬಟ್ಟೆ ಇರಲಿ. ಹೊಸ ಲಂಗ, ಜರತಾರಿ ಫ್ರಾಕು ಪೂಜೆ ಮುಗಿದ ಮೇಲೆ ಬದಲಿಸಿಬಿಡಿ. ಠುಸ್ಸೆಂದ ಪಟಾಕಿಯನ್ನು ಬಗ್ಗಿ ನೋಡಲು, ಮತ್ತೆ ಹಚ್ಚಲು ಯಾರೂ ಹೋಗಬೇಡಿ. ಸ್ವಲ್ಪ ಹೊತ್ತು ಬಿಟ್ಟು ದೂರದಿಂದ ನೀರು ಸುರಿಯಿರಿ.

ಊರಿಗೆ ಹೋಗುವವರೇ, ರಾಕೆಟ್ ಬಿಡುವ ಮುಂಚೆ ಕಣಕಿ ಬಣವಿ ಎಲ್ಲಿದೆ, ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. ಒಂದು ಕಿಡಿ ಬಿದ್ದರೆ ದನಗಳ ವರ್ಷದ ಮೇವು ಹೋಗುತ್ತದೆ. ಪಾಡ್ಯಕ್ಕೆ ಸಿಂಗರಿಸಿದ ಎತ್ತು, ಆಕಳ ಹತ್ತಿರವಂತೂ ಸದ್ದಿನ ಪಟಾಕಿ ಬೇಡ. ಬೆದರಿದರೆ ಹಗ್ಗ ಹಿಡಿದವರಿಗೂ ಪೆಟ್ಟು.

ಇನ್ನು ಪಣತಿ. ಕಿಟಕಿಯ ಪರದೆ ಹತ್ತಿರ ಬೇಡ, ಸೆರಗು ತಾಗುವ ಓಡಾಟದ ಜಾಗದಲ್ಲೂ ಬೇಡ. ಮಲಗುವ ಮುಂಚೆ ಒಂದು ಸುತ್ತು ಹಾಕಿ ನೋಡಿ. ಆಕಾಶಬುಟ್ಟಿಯ ವೈರು ಹಳೆಯದಾಗಿದ್ದರೆ ಟೇಪು ಸುತ್ತಿ ಸಾಗಿಸಬೇಡಿ, ಹೊಸದು ಹಾಕಿಸಿ.

ಅಕಸ್ಮಾತ್ ಕೈ ಸುಟ್ಟರೆ ಗಾಬರಿ ಬೇಡ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸು, ಟೂತ್‌ಪೇಸ್ಟು, ಅರಿಶಿಣ ಯಾವುದನ್ನೂ ಹಚ್ಚಬೇಡಿ. ಕಣ್ಣಿಗೆ ಕಿಡಿ ಸಿಡಿದರೆ ಉಜ್ಜಲು ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಂಬುಲೆನ್ಸ್‌ಗೆ 108.

ಸಗಣಿ ಪಾಂಡವರನ್ನು ಮಾಡುವಾಗ ಮಕ್ಕಳನ್ನೂ ಕೂರಿಸಿಕೊಳ್ಳಿ, ಆ ಫೋಟೋ ನನಗೆ ಕಳಿಸಿ. ರಜೆ ಮುಗಿದ ಮೇಲೆ ಕ್ಲಾಸಿನ ಗೋಡೆಗೆ ಎಲ್ಲರದ್ದೂ ಅಂಟಿಸೋಣ.

ನಿಮ್ಮ ಮಕ್ಕಳ ಕ್ಲಾಸ್ ಟೀಚರ್,
ಬಾಗಲಕೋಟೆ